ಮೂವತ್ತೆಂಟು ಮಂದಿಗೆ ಒಂದು ವಿಳಾಸ: ತಪ್ಪಾಗಿ ನಿಷೇಧಗೊಂಡ ಖಾತೆ ಮತ್ತು ಒಂದು ಮೇಲ್ಮನವಿ ಪತ್ರ

ಮಣಿಪಾಲದ ಈಶ್ವರನಗರದಲ್ಲಿ ಪಿ.ಜಿ.ಯೊಂದರಲ್ಲಿ ಇರುವ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕಳೆದ ಜುಲೈ 18ರ ರಾತ್ರಿ, ತಾನು ಮೂರು ವರ್ಷಗಳಿಂದ ಆಡುತ್ತಿದ್ದ ಆನ್‌ಲೈನ್ ಆಟವನ್ನು ತೆರೆಯಲು ಹೋದಾಗ ಖಾತೆಯ ಬದಲು ಒಂದು ಸೂಚನೆ ಕಾಣಿಸಿತು. ‘ಸ್ವಯಂಚಾಲಿತ ಆಟದಲ್ಲಿ ತೊಡಗಿರುವ ಖಾತೆಗಳೊಂದಿಗೆ ಸಂಬಂಧ ಹೊಂದಿರುವ ಕಾರಣ ನಿಮ್ಮ ಖಾತೆಯನ್ನು ಶಾಶ್ವತವಾಗಿ ನಿಷೇಧಿಸಲಾಗಿದೆ’ ಎಂಬುದು ಅದರ ಸಾರಾಂಶ. ಅದು ಆಟಗಾರರು ಚಿನ್ನದ ನಾಣ್ಯಗಳನ್ನು ಗಳಿಸಿ, ಆಯುಧ ಕವಚಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವ ಬಗೆಯ ಆಟ. ಇಂತಹ ಆಟಗಳಲ್ಲಿ ಬಾಟ್ ಎಂಬ ಪ್ರೋಗ್ರಾಮಿನ ಮೂಲಕ ಹತ್ತಾರು ಖಾತೆಗಳನ್ನು ಹಗಲೂ ರಾತ್ರಿಯೂ ಓಡಿಸಿ, ನಾಣ್ಯಗಳನ್ನು ಒಂದೆಡೆ ಕೂಡಿಹಾಕಿ, ಆಟದ ಹೊರಗೆ ನಿಜವಾದ ಹಣಕ್ಕೆ ಮಾರುವವರು ಇದ್ದಾರೆ. ಕಂಪನಿ ಹಿಡಿಯಲು ಹೊರಟದ್ದು ಅವರನ್ನು. ಬಲೆಗೆ ಸಿಕ್ಕವರಲ್ಲಿ ಈ ಹುಡುಗನೂ ಒಬ್ಬ.

ಆ ರಾತ್ರಿಯೇ ಅವನು ಬರೆದ ಮೊದಲ ಮೇಲ್ಮನವಿ ಐದು ಸಾಲಿನದು. ತಾನು ಏನೂ ತಪ್ಪು ಮಾಡಿಲ್ಲ, ತನ್ನ ಲ್ಯಾಪ್‌ಟಾಪನ್ನು ಬೇರೆ ಯಾರೂ ಮುಟ್ಟುವುದಿಲ್ಲ, ಮೂರು ವರ್ಷಗಳಲ್ಲಿ ಸಾಕಷ್ಟು ಹಣ ಕೊಟ್ಟಿದ್ದೇನೆ, ಕೂಡಲೇ ಖಾತೆಯನ್ನು ಹಿಂದಿರುಗಿಸದಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದಿತ್ತು. ಒಂದು ಗಂಟೆಯೊಳಗೆ ‘ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ’ ಎಂಬ ಉತ್ತರ ಬಂತು. ಉಡುಪಿ, ಮಂಗಳೂರು ಭಾಗದ ಪಿ.ಜಿ.ಗಳಿಗೂ ಸಣ್ಣ ಕಚೇರಿಗಳಿಗೂ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸವಾದ್ದರಿಂದ, ಆ ಕಟ್ಟಡದ ರೌಟರನ್ನು ನಾನೇ ಕೂಡಿಸಿದ್ದರಿಂದ, ಮರುದಿನ ಹುಡುಗ ನನ್ನ ಬಳಿಗೆ ಬಂದ. ಹನ್ನೊಂದು ದಿನಗಳ ಅನಂತರ ಖಾತೆ ಮರಳಿ ಬಂದದ್ದು ಎರಡನೆಯ ಪತ್ರದಿಂದ. ಮೊದಲನೆಯ ಪತ್ರ ಏಕೆ ಬಿದ್ದುಹೋಯಿತು, ಎರಡನೆಯದು ಏಕೆ ನಿಂತಿತು ಎಂಬುದನ್ನು ತಿಳಿಯಬೇಕಾದರೆ, ಕಂಪನಿಯ ಕಣ್ಣಿಗೆ ಆ ಕಟ್ಟಡ ಹೇಗೆ ಕಾಣುತ್ತಿತ್ತು ಎಂಬಲ್ಲಿಂದ ಆರಂಭಿಸಬೇಕು.

ಮೂರು ಮಹಡಿಯ ಆ ಪಿ.ಜಿ.ಯಲ್ಲಿ ಮೂವತ್ತೆಂಟು ಮಂದಿ ಇದ್ದಾರೆ. ನಾನು ಹೋಗಿ ನೋಡಿದ ದಿನ ರೌಟರಿನ ಪಟ್ಟಿಯಲ್ಲಿ ಅರವತ್ತೊಂದು ಉಪಕರಣಗಳಿದ್ದವು. ಮನೆಯೊಳಗೆ ಒಂದೊಂದಕ್ಕೂ `192.168` ಎಂದು ಆರಂಭವಾಗುವ ಬೇರೆ ಬೇರೆ ಸಂಖ್ಯೆ ಇರುತ್ತದೆ. ಆದರೆ ಹೊರಗಿನ ಪ್ರಪಂಚಕ್ಕೆ ಅವೆಲ್ಲವೂ ಒಂದೇ ಐಪಿ ವಿಳಾಸದಿಂದ ಬಂದಂತೆ ತೋರುತ್ತವೆ. ದೊಡ್ಡ ಕುಟುಂಬವೊಂದರ ಎಲ್ಲರಿಗೂ ಮನೆಯ ಒಂದೇ ಅಂಚೆ ವಿಳಾಸ ಇರುವಂತೆ. ಯಾರ ಹೆಸರಿಗೆ ಯಾವ ಕಾಗದ ಬಂತು ಎಂಬ ಲೆಕ್ಕವನ್ನು ಒಳಗೆ ರೌಟರ್ ಇಟ್ಟುಕೊಳ್ಳುತ್ತದೆ, ಅಂಚೆಯಣ್ಣನಿಗೆ ಅದು ಗೊತ್ತಿರುವುದಿಲ್ಲ.

ಇಷ್ಟೇ ಆಗಿದ್ದರೆ ಸಂಶಯದ ವ್ಯಾಪ್ತಿ ಆ ಕಟ್ಟಡಕ್ಕೆ ಸೀಮಿತವಾಗಿರುತ್ತಿತ್ತು. ಆದರೆ ಮೇ ತಿಂಗಳ ಕೊನೆಯ ಒಂದು ಸಂಜೆ, ಮಳೆಗಾಲಕ್ಕೆ ಮುನ್ನ ನಮ್ಮ ಕಡೆ ಬರುವ ಗುಡುಗು ಸಿಡಿಲಿನಲ್ಲಿ ಹಳೆಯ ರೌಟರೂ ಅದರ ಹಿಂದಿದ್ದ ಪೆಟ್ಟಿಗೆಯೂ ಸುಟ್ಟುಹೋಗಿದ್ದವು. ಆಪರೇಟರು ಬದಲಿ ಕೊಡುವಾಗ ಸಂಪರ್ಕದ ಯೋಜನೆಯನ್ನೂ ಬದಲಾಯಿಸಿದ್ದರು. ಮೊದಲು ಆ ಕಟ್ಟಡಕ್ಕೆಂದೇ ಒಂದು ಸಾರ್ವಜನಿಕ ವಿಳಾಸವಿತ್ತು; ಹೊಸ ಯೋಜನೆಯಲ್ಲಿ ಅದೂ ಹಂಚಿಕೆಯದಾಯಿತು. ವೇಗ ಹೆಚ್ಚಾಗಿತ್ತು, ಬಾಡಿಗೆ ಅಷ್ಟೇ ಇತ್ತು, ಹೀಗಾಗಿ ಯಾರೂ ಗಮನಿಸಿರಲಿಲ್ಲ. ನಾನೂ ಗಮನಿಸಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆಪರೇಟರುಗಳು ಹೀಗೆ ಮಾಡುವುದಕ್ಕೆ ಕಾರಣವಿದೆ. ಐಪಿಯ ನಾಲ್ಕನೆಯ ಆವೃತ್ತಿಯಲ್ಲಿ ಇರುವುದು ಒಟ್ಟು ಸುಮಾರು 430 ಕೋಟಿ ವಿಳಾಸಗಳು. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲಿ ಮುಗಿಯಿತು. ನಮ್ಮ ಏಷ್ಯಾ ಪೆಸಿಫಿಕ್ ವಲಯಕ್ಕೆ ವಿಳಾಸಗಳನ್ನು ಕೊಡುವ ಸಂಸ್ಥೆಯು ಅದೇ ವರ್ಷದ ಏಪ್ರಿಲ್‌ನಿಂದ ಉಳಿದದ್ದನ್ನು ಪಡಿತರದ ಹಾಗೆ ಹಂಚತೊಡಗಿತು. ವಿಳಾಸ ಕಡಿಮೆ, ಗ್ರಾಹಕರು ಹೆಚ್ಚು ಎಂದಾದಾಗ ಆಪರೇಟರು ತನ್ನ ಕಡೆಯಲ್ಲಿ ಇನ್ನೊಂದು ದೊಡ್ಡ ರೌಟರನ್ನು ಇಟ್ಟು, ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತಾನೆ. ಈ ನಡುವಿನ ಪದರಕ್ಕೆಂದೇ 2012ರ ಏಪ್ರಿಲ್‌ನಲ್ಲಿ `100.64.0.0` ರಿಂದ `100.127.255.255` ವರೆಗಿನ ವಿಳಾಸಗಳನ್ನು ಮೀಸಲಿಡಲಾಯಿತು. ನಿಮ್ಮ ರೌಟರಿನ ಹೊರಮುಖದಲ್ಲಿ ಈ ಸಾಲಿನ ಸಂಖ್ಯೆ ಕಂಡರೆ, ನಿಮ್ಮ ಸಾರ್ವಜನಿಕ ವಿಳಾಸವು ನಿಮ್ಮೊಬ್ಬರದಲ್ಲ ಎಂದು ನಿಶ್ಚಯವಾಗಿ ಹೇಳಬಹುದು.

ಅದನ್ನು ತಿಳಿಯುವುದು ಕಷ್ಟವಲ್ಲ. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಈ ಎರಡು ಸಾಲುಗಳನ್ನು ಒಂದಾದ ಮೇಲೊಂದರಂತೆ ಕೊಟ್ಟರೆ ಸಾಕು.

```
curl -4 ifconfig.me
tracert -d 8.8.8.8
```

ಮೊದಲನೆಯದು ಹೊರಗಿನವರಿಗೆ ಕಾಣುವ ವಿಳಾಸವನ್ನು ಹೇಳುತ್ತದೆ. ಎರಡನೆಯದು ನಿಮ್ಮ ಸಂದೇಶವು ಯಾವ ಯಾವ ನಿಲ್ದಾಣಗಳನ್ನು ದಾಟಿ ಹೋಗುತ್ತದೆ ಎಂಬುದನ್ನು ಸಾಲಾಗಿ ತೋರಿಸುತ್ತದೆ. ಹುಡುಗನ ಪರದೆಯಲ್ಲಿ ಮೊದಲ ನಿಲ್ದಾಣ ಪಿ.ಜಿ.ಯ ರೌಟರ್, ಎರಡನೆಯದು `100.72` ಎಂದು ಆರಂಭವಾಗುವ ಸಂಖ್ಯೆ. ಅಲ್ಲಿಗೆ ಅರ್ಧ ವಿಷಯ ತಿಳಿಯಾಯಿತು. ಬಾಟ್ ಓಡಿಸುತ್ತಿದ್ದವನು ಆ ಕಟ್ಟಡದವನೇ ಆಗಿರಬೇಕೆಂದಿಲ್ಲ. ಅದೇ ಆಪರೇಟರಿನ ಬೇರೆ ಯಾವುದೋ ಬೀದಿಯ ಗ್ರಾಹಕನೂ ಆಗಿರಬಹುದು. ಎರಡನೆಯ ಆಜ್ಞೆಯಲ್ಲಿ ಇಂತಹ ಸಂಖ್ಯೆ ಕಾಣಲಿಲ್ಲವೆಂದ ಮಾತ್ರಕ್ಕೆ ಹಂಚಿಕೆ ಇಲ್ಲವೆಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಕೆಲವು ಆಪರೇಟರುಗಳು ಈ ಕೆಲಸಕ್ಕೆ `10` ರಿಂದ ಆರಂಭವಾಗುವ ಖಾಸಗಿ ವಿಳಾಸಗಳನ್ನೇ ಬಳಸುತ್ತಾರೆ. ಆಗ ರೌಟರಿನ ಪುಟದಲ್ಲಿ ಕಾಣುವ ಹೊರಮುಖದ ವಿಳಾಸವನ್ನೂ ಮೊದಲ ಆಜ್ಞೆಯ ಉತ್ತರವನ್ನೂ ಹೋಲಿಸಿ ನೋಡಬೇಕು. ಎರಡೂ ಬೇರೆಯಾಗಿದ್ದರೆ ನಡುವೆ ಇನ್ನೊಂದು ಪದರ ಇದೆ ಎಂದರ್ಥ.

ಇನ್ನು ಕಂಪನಿಯ ಕಡೆಯ ಲೆಕ್ಕ. ಬಾಟ್ ಖಾತೆಗಳನ್ನು ಒಂದೊಂದಾಗಿ ಹಿಡಿದರೆ ಪ್ರಯೋಜನವಿಲ್ಲ, ಏಕೆಂದರೆ ಹತ್ತು ನಿಮಿಷದಲ್ಲಿ ಹೊಸ ಖಾತೆ ಹುಟ್ಟುತ್ತದೆ. ಆದ್ದರಿಂದ ಅವರು ಖಾತೆಗಳ ನಡುವಿನ ನಂಟನ್ನು ಹುಡುಕುತ್ತಾರೆ. ಒಂದೇ ಐಪಿ ವಿಳಾಸ, ಒಂದೇ ಕಂಪ್ಯೂಟರಿನ ಗುರುತು, ಒಂದೇ ಪಾವತಿ ಕಾರ್ಡ್, ಒಬ್ಬರಿಂದ ಒಬ್ಬರಿಗೆ ಹೋದ ನಾಣ್ಯ, ಲಾಗಿನ್ ಆಗುವ ಹೊತ್ತು ಇವೆಲ್ಲ ನಂಟುಗಳು. ಇವುಗಳ ತೂಕ ಸಮಾನವಲ್ಲ. ನಾಣ್ಯದ ವರ್ಗಾವಣೆ ಮತ್ತು ಕಂಪ್ಯೂಟರಿನ ಗುರುತು ಗಟ್ಟಿಯಾದ ಸಾಕ್ಷ್ಯ. ಐಪಿ ವಿಳಾಸ ದುರ್ಬಲ ಸಾಕ್ಷ್ಯ. ತೊಂದರೆ ಬರುವುದು ಈ ದುರ್ಬಲ ಸಾಕ್ಷ್ಯಕ್ಕೆ ಇನ್ನೊಂದು ಸಣ್ಣ ಕಾರಣ ಸೇರಿಕೊಂಡು, ಎರಡೂ ಕೂಡಿ ಮಿತಿಯ ಗೆರೆಯನ್ನು ದಾಟಿದಾಗ.

ವಿಳಾಸವೊಂದನ್ನೇ ನಂಬಿ ತಡೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಆಟದ ಹೊರಗಿನ ಹಳೆಯ ಉದಾಹರಣೆಯೊಂದಿದೆ. 2007ರ ಹೊಸ ವರ್ಷದ ಹೊತ್ತಿಗೆ ವಿಕಿಪೀಡಿಯದಲ್ಲಿ ಕಿಡಿಗೇಡಿತನ ಮಾಡುತ್ತಿದ್ದ ಒಂದು ವಿಳಾಸವನ್ನು ತಡೆಹಿಡಿದಾಗ, ಕತಾರ್ ದೇಶದ ಸಂಪರ್ಕವೆಲ್ಲ ಹೆಚ್ಚುಕಡಿಮೆ ಆ ಒಂದೇ ವಿಳಾಸದಿಂದ ಬರುತ್ತಿದೆ ಎಂಬುದು ಅನಂತರ ತಿಳಿಯಿತು. ತಡೆಯನ್ನು ಬೇಗನೆ ತೆಗೆಯಬೇಕಾಯಿತು. ವಿಳಾಸಗಳ ಹಂಚಿಕೆ ಹೆಚ್ಚುತ್ತಿದ್ದುದರಿಂದ ಇಂಟರ್ನೆಟ್ ತಾಂತ್ರಿಕ ಸಮುದಾಯವು 2011ರ ಜೂನ್‌ನಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 6302 ಎಂಬ ದಾಖಲೆಯಲ್ಲಿ ಸರ್ವರ್ ನಡೆಸುವವರಿಗೆ ಒಂದು ಸಲಹೆ ನೀಡಿತು. ಬಂದವರ ವಿಳಾಸವನ್ನು ಮಾತ್ರ ಬರೆದಿಟ್ಟುಕೊಂಡರೆ ಸಾಲದು, ಒಂದೊಂದು ಸಂಪರ್ಕಕ್ಕೂ ರೌಟರ್ ಕೊಡುವ ಪೋರ್ಟ್ ಸಂಖ್ಯೆಯನ್ನೂ ನಿಖರವಾದ ಸಮಯವನ್ನೂ ಜೊತೆಗೆ ದಾಖಲಿಸಬೇಕು ಎಂಬುದೇ ಆ ಸಲಹೆ. ಒಂದು ವಿಳಾಸದ ಹಿಂದೆ ಇರುವ ನೂರಾರು ಮಂದಿಯಲ್ಲಿ ಯಾರು ಎಂಬುದನ್ನು ಬೇರ್ಪಡಿಸುವುದು ಪೋರ್ಟ್ ಸಂಖ್ಯೆಯೇ. ಅದು ಕಂಪನಿಯ ದಾಖಲೆಯಲ್ಲಿ ಇಲ್ಲವೆಂದಾದರೆ, ಆಪರೇಟರನ್ನು ಕೇಳಿದರೂ ಬೇರ್ಪಡಿಸಲಾಗದು.

ಈಗ ಮೊದಲ ಪತ್ರಕ್ಕೆ ಮರಳೋಣ. ಸಪೋರ್ಟ್ ಟಿಕೆಟನ್ನು, ಎಂದರೆ ಕಂಪನಿಯಲ್ಲಿ ದಾಖಲಾದ ಮನವಿಯನ್ನು, ನೋಡುವ ವ್ಯಕ್ತಿಯ ಮುಂದೆ ಎರಡು ವಸ್ತುಗಳಿರುತ್ತವೆ, ಒಂದು ಆಟಗಾರನ ಪತ್ರ, ಇನ್ನೊಂದು ಖಾತೆಯ ಚಟುವಟಿಕೆಯೆಲ್ಲ ದಾಖಲಾಗಿರುವ ಲಾಗ್. ‘ನಾನು ತಪ್ಪು ಮಾಡಿಲ್ಲ’ ಎಂಬ ಮಾತನ್ನು ಬಾಟ್ ನಡೆಸುವವನೂ ಬರೆಯುತ್ತಾನೆ, ಬಹುಶಃ ಇನ್ನೂ ಚೆನ್ನಾಗಿ ಬರೆಯುತ್ತಾನೆ. ಆದ್ದರಿಂದ ಅದಕ್ಕೆ ಬೆಲೆಯಿಲ್ಲ. ಮೂರು ವರ್ಷ ಆಡಿದ್ದೇನೆ, ಹಣ ಕೊಟ್ಟಿದ್ದೇನೆ ಎಂಬುದು ನಿಜವಾದರೂ ಪ್ರಶ್ನೆಗೆ ಉತ್ತರವಲ್ಲ. ನ್ಯಾಯಾಲಯದ ಬೆದರಿಕೆ ಬಂದೊಡನೆ ಅನೇಕ ಕಡೆ ಟಿಕೆಟು ಸಪೋರ್ಟಿನವರ ಕೈಯಿಂದ ಜಾರಿ ಕಾನೂನು ವಿಭಾಗದ ಕಡತ ಸೇರುತ್ತದೆ, ಅಲ್ಲಿಂದ ಯಾರೂ ಹುಡುಗನಿಗೆ ಮನಬಿಚ್ಚಿ ಉತ್ತರ ಬರೆಯುವುದಿಲ್ಲ.

ಆದರೆ ಪತ್ರವನ್ನು ನಿಜವಾಗಿ ಕೆಡಿಸಿದ್ದು ‘ನನ್ನ ಲ್ಯಾಪ್‌ಟಾಪನ್ನು ಬೇರೆ ಯಾರೂ ಮುಟ್ಟುವುದಿಲ್ಲ’ ಎಂಬ ಸಾಲು. ನಾನು ಎರಡು ಮೂರು ಬಾರಿ ಕೇಳಿದ ಮೇಲೆ ಹುಡುಗ ತಲೆ ಕೆರೆದುಕೊಂಡು, ‘ಒಮ್ಮೆ ರೂಮ್‌ಮೇಟ್ ಲಾಗಿನ್ ಆಗಿದ್ದ ಅಣ್ಣ, ಅವನ ಲ್ಯಾಪ್‌ಟಾಪ್ ಸರ್ವಿಸಿಗೆ ಕೊಟ್ಟಿದ್ದ, ಎರಡು ದಿನ ನನ್ನದರಲ್ಲಿ ಆಡಿದ’ ಎಂದ. ಜೂನ್ ತಿಂಗಳ ಆ ಎರಡು ದಿನಗಳೇ ಇಲ್ಲಿನ ಸಣ್ಣ ಕಾರಣ. ರೂಮ್‌ಮೇಟಿನ ಖಾತೆಯೂ ಅದೇ ರಾತ್ರಿ ನಿಷೇಧಗೊಂಡಿತ್ತು. ಹಂಚಿಕೆಯ ವಿಳಾಸದಿಂದಾಗಿ ಇಬ್ಬರ ಮೇಲೂ ಮೊದಲೇ ಕಣ್ಣು ಬಿದ್ದಿತ್ತು. ಅದರ ಮೇಲೆ ಒಂದೇ ಕಂಪ್ಯೂಟರಿನಲ್ಲಿ ಎರಡು ಖಾತೆಗಳು ತೆರೆದುಕೊಂಡದ್ದು ಲಾಗ್‌ನಲ್ಲಿ ದಾಖಲಾಗಿತ್ತು. ಟಿಕೆಟ್ ನೋಡಿದವನಿಗೆ ಪತ್ರದ ಎರಡನೆಯ ವಾಕ್ಯವೇ ಸುಳ್ಳೆಂದು ತಿಳಿದಾಗ ಉಳಿದ ಮೂರು ವಾಕ್ಯಗಳನ್ನು ಓದುವ ಅಗತ್ಯ ಅವನಿಗೆ ಕಂಡಿರಲಾರದು. ಹುಡುಗ ಸುಳ್ಳು ಹೇಳಬೇಕೆಂದು ಬರೆದದ್ದಲ್ಲ, ಮರೆತಿದ್ದ. ಲಾಗ್‌ಗೆ ಮರೆವಿಲ್ಲ.

ಆದ್ದರಿಂದ ಎರಡನೆಯ ಪತ್ರವನ್ನು ಬರೆಯುವ ಮುನ್ನ ನಾವು ಒಂದು ಸಂಜೆಯನ್ನು ನೆನಪು ಮಾಡಿಕೊಳ್ಳುವುದಕ್ಕೇ ಕಳೆದೆವು. ಊರಿಗೆ ಹೋಗಿದ್ದ ದಿನಗಳು, ಪರೀಕ್ಷೆಯ ದಿನಗಳು, ಮಂಗಳೂರಿನಲ್ಲಿ ಅಕ್ಕನ ಮನೆಯಿಂದ ಲಾಗಿನ್ ಆದ ದಿನಗಳು, ಪಾವತಿಯ ರಸೀದಿಗಳು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆವು. ಬರೆಯುತ್ತಾ ಹೋದಂತೆ ಸ್ಪಷ್ಟವಾದ ಸಂಗತಿ ಎಂದರೆ, ಖಾತೆಯ ಮುಗ್ಧತೆಯನ್ನು ಸಾಬೀತು ಮಾಡುವ ದಾಖಲೆಗಳು ಬಹುಮಟ್ಟಿಗೆ ಕಂಪನಿಯ ಬಳಿಯೇ ಇವೆ. ಪತ್ರ ಮಾಡಬೇಕಾದ ಕೆಲಸವು, ಆ ದಾಖಲೆಗಳಲ್ಲಿ ಎಲ್ಲಿ ನೋಡಬೇಕು ಎಂಬುದನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯವಿಲ್ಲದ ಒಬ್ಬ ಅಪರಿಚಿತನಿಗೆ ತೋರಿಸಿಕೊಡುವುದು. ಪತ್ರ ಇಂಗ್ಲಿಷಿನಲ್ಲಿ ಹೋಯಿತು. ಅದರ ಕನ್ನಡ ರೂಪವನ್ನು, ಗುರುತಿನ ವಿವರಗಳನ್ನು ತೆಗೆದು, ವಿಳಾಸವನ್ನು ಬದಲಿಸಿ, ಇಲ್ಲಿ ಕೊಡುತ್ತಿದ್ದೇನೆ.

‘ಮಾನ್ಯರೇ, ನನ್ನ ಖಾತೆಯನ್ನು ಜುಲೈ 18ರಂದು ಭಾರತೀಯ ಕಾಲಮಾನ ರಾತ್ರಿ 11.40ರ ಸುಮಾರಿಗೆ ನಿಷೇಧಿಸಲಾಗಿದೆ. ಸೂಚನೆಯಲ್ಲಿ ಸಂಬಂಧಿತ ಖಾತೆಗಳನ್ನು ಕಾರಣವಾಗಿ ಹೇಳಲಾಗಿದೆ. ನನ್ನ ಹಿಂದಿನ ಟಿಕೆಟಿನಲ್ಲಿ ಒಂದು ತಪ್ಪು ಹೇಳಿಕೆ ಇತ್ತು, ಅದನ್ನು ಮೊದಲು ಸರಿಪಡಿಸುತ್ತೇನೆ. ನನ್ನ ಲ್ಯಾಪ್‌ಟಾಪನ್ನು ಬೇರೆ ಯಾರೂ ಬಳಸಿಲ್ಲ ಎಂದು ಬರೆದಿದ್ದೆ. ಜೂನ್ 21 ಮತ್ತು 22ರಂದು ನನ್ನ ರೂಮ್‌ಮೇಟ್ ತನ್ನ ಖಾತೆಗೆ ನನ್ನ ಲ್ಯಾಪ್‌ಟಾಪಿನಿಂದ ಲಾಗಿನ್ ಆಗಿದ್ದ. ಅದಕ್ಕಿಂತ ಮೊದಲಾಗಲಿ ಆಮೇಲಾಗಲಿ ಹಾಗೆ ಆಗಿಲ್ಲ.

‘ನಾನು ಮೂವತ್ತೆಂಟು ಮಂದಿ ವಾಸವಿರುವ ವಿದ್ಯಾರ್ಥಿ ವಸತಿಯಲ್ಲಿದ್ದೇನೆ, ಎಲ್ಲರಿಗೂ ಒಂದೇ ಇಂಟರ್ನೆಟ್ ಸಂಪರ್ಕ. ಮೇ 29ರಿಂದ ಈ ಸಂಪರ್ಕವು ಆಪರೇಟರಿನ ಹಂಚಿಕೆಯ ವಿಳಾಸದ ಹಿಂದೆ ಇದೆ. ನಿಮ್ಮ ಲಾಗ್‌ನಲ್ಲಿ ನನ್ನ ಐಪಿ ವಿಳಾಸ ಅಂದಿನಿಂದ ಬದಲಾಗಿರುವುದು ಕಾಣಬೇಕು. ಇಂದು ಹೊರಗೆ ಕಾಣುವ ವಿಳಾಸ `203.0.113.45`, ರೌಟರಿನ ಹೊರಮುಖದ ವಿಳಾಸ `100.72.18.9`. ಎರಡರ ಪರದೆಚಿತ್ರಗಳನ್ನು ಲಗತ್ತಿಸಿದ್ದೇನೆ. ಈ ವಿಳಾಸವನ್ನು ಬಳಸುವ ಬೇರೆ ಖಾತೆಗಳು ಯಾರವು ಎಂಬುದು ನನಗೆ ತಿಳಿಯದು.

‘ದಯವಿಟ್ಟು ಮೂರು ದಾಖಲೆಗಳನ್ನು ಪರಿಶೀಲಿಸಬೇಕು. ಒಂದು, ಮೇ 29ಕ್ಕಿಂತ ಮೊದಲಿನ ನನ್ನ ಲಾಗಿನ್‌ಗಳು. ಎರಡು, ವಿನಿಮಯದ ದಾಖಲೆ. ನೀವು ಗುರುತಿಸಿರುವ ಖಾತೆಗಳಿಂದ ನನಗಾಗಲಿ ನನ್ನಿಂದ ಅವುಗಳಿಗಾಗಲಿ ನಾಣ್ಯವೋ ವಸ್ತುವೋ ಹೋಗಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಮೂರು, ಆಟದ ಅವಧಿಗಳು. ಜೂನ್ 8ರಿಂದ 16ರವರೆಗೆ ನಾನು ಊರಿನಲ್ಲಿದ್ದು ಒಮ್ಮೆಯೂ ಲಾಗಿನ್ ಆಗಿಲ್ಲ. ನಂಟಿಗೆ ಆಧಾರವಾದದ್ದು ಐಪಿ ವಿಳಾಸ ಮತ್ತು ಮೇಲೆ ಹೇಳಿದ ಎರಡು ದಿನಗಳ ಲಾಗಿನ್ ಮಾತ್ರವೇ ಆಗಿದ್ದರೆ ನಿರ್ಧಾರವನ್ನು ಮರುಪರಿಶೀಲಿಸಬೇಕೆಂದು ಕೋರುತ್ತೇನೆ. ಬೇರೆ ಆಧಾರವಿದ್ದರೆ ಅದು ಯಾವ ಬಗೆಯದು ಎಂಬುದನ್ನಾದರೂ ತಿಳಿಸಬೇಕು.’

ಇಷ್ಟೇ ಪತ್ರ. ಖಾತೆಯ ಸಂಖ್ಯೆ, ಹಿಂದಿನ ಟಿಕೆಟಿನ ಸಂಖ್ಯೆ, ಅತಿ ಹಳೆಯ ಪಾವತಿಯ ರಸೀದಿ ಸಂಖ್ಯೆ ಇವು ಕೊನೆಯಲ್ಲಿ ಇದ್ದವು. ಹಳೆಯ ರಸೀದಿಯನ್ನು ಕೊಟ್ಟದ್ದು ಖಾತೆ ಕದ್ದದ್ದಲ್ಲ, ಕೊಂಡದ್ದಲ್ಲ, ಮೊದಲಿನಿಂದಲೂ ಒಬ್ಬನದೇ ಎಂದು ತೋರಿಸುವುದಕ್ಕೆ. ಎಷ್ಟು ಹಣ ಕೊಟ್ಟಿದ್ದೇನೆ ಎಂದು ಹೇಳಿಕೊಳ್ಳುವುದಕ್ಕಲ್ಲ.

ತಪ್ಪೊಪ್ಪಿಗೆಯಿಂದ ಆರಂಭಿಸುವುದು ಹುಡುಗನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಒಂದೇ ಯಂತ್ರದಲ್ಲಿ ಎರಡು ಖಾತೆ ಎಂದು ನಾವೇ ಹೇಳಿಕೊಟ್ಟ ಹಾಗಾಗುವುದಿಲ್ಲವೇ ಎಂದು ಕೇಳಿದ. ಅದು ಕಂಪನಿಯವರಿಗೆ ಗೊತ್ತೇ ಇದೆ ಎಂದೆ. ಗೊತ್ತಿಲ್ಲದ್ದು ಅದರ ಕಾರಣ. ಬಾಟ್ ನಡೆಸುವವನ ಯಂತ್ರದಲ್ಲಿ ಹತ್ತಾರು ಖಾತೆಗಳು ದಿನವೂ ತೆರೆದುಕೊಳ್ಳುತ್ತವೆ, ಇಲ್ಲಿ ಎರಡೇ ಖಾತೆ, ಎರಡೇ ದಿನ, ಅದೂ ಒಂದಾದ ಮೇಲೆ ಒಂದು. ದಿನಾಂಕವನ್ನು ನಾವೇ ಹೇಳಿದರೆ ಅವರು ಲಾಗ್ ತೆರೆದು ಅದೇ ದಿನಾಂಕವನ್ನು ಕಾಣುತ್ತಾರೆ, ಆಗ ಪತ್ರದ ಉಳಿದ ಮಾತುಗಳನ್ನೂ ನಂಬುವ ಮನಸ್ಸು ಬರುತ್ತದೆ. ಕೆಲವು ಆಟಗಳ ನಿಯಮದಲ್ಲಿ ಖಾತೆಯನ್ನು ಇನ್ನೊಬ್ಬರಿಗೆ ಆಡಲು ಕೊಡುವುದೇ ಅಪರಾಧವಾಗಿರುತ್ತದೆ. ಇಲ್ಲಿ ಕೊಟ್ಟದ್ದು ಯಂತ್ರವನ್ನು, ಖಾತೆಯನ್ನಲ್ಲ ಎಂಬ ವ್ಯತ್ಯಾಸ ಪತ್ರದಲ್ಲಿ ಸ್ಪಷ್ಟವಾಗಿರುವಂತೆ ನೋಡಿಕೊಂಡೆವು. ಒಂದು ವೇಳೆ ಅವನು ತನ್ನ ಪಾಸ್‌ವರ್ಡನ್ನೇ ಗೆಳೆಯನಿಗೆ ಕೊಟ್ಟಿದ್ದರೆ ಈ ಪತ್ರ ಅವನನ್ನು ಉಳಿಸುತ್ತಿರಲಿಲ್ಲ.

ಪತ್ರದಿಂದ ನಾವು ಬೇಕೆಂದೇ ಬಿಟ್ಟ ಒಂದು ಸಂಗತಿಯೂ ಇತ್ತು. ರೌಟರಿನ ಪಟ್ಟಿಯನ್ನು ನೋಡುವಾಗ ಎರಡನೆಯ ಮಹಡಿಯ ಒಂದು ಉಪಕರಣವು ಇಪ್ಪತ್ತು ದಿನಗಳಿಂದ ಒಮ್ಮೆಯೂ ಆರಿಲ್ಲ ಎಂಬುದು ಕಾಣಿಸಿತು. ಹುಡುಗನಿಗೆ ಅದನ್ನು ಬರೆದುಬಿಡುವ ಆಸೆ. ಆದರೆ ರಾತ್ರಿಯೆಲ್ಲ ಆನ್ ಇರುವ ಯಂತ್ರ ಸಿನೆಮಾ ಇಳಿಸಿಕೊಳ್ಳುತ್ತಿರಬಹುದು, ಕಾಲೇಜಿನ ಪ್ರಾಜೆಕ್ಟಿನ ಲೆಕ್ಕ ಮಾಡುತ್ತಿರಬಹುದು. ಊಹೆಯನ್ನು ದೂರಾಗಿ ಬರೆದರೆ ಅದನ್ನು ಪರೀಕ್ಷಿಸಲು ಕಂಪನಿಗೆ ದಾರಿಯಿಲ್ಲ. ಅದಕ್ಕಿಂತ ಹೆಚ್ಚಾಗಿ, ‘ಇವನಿಗೆ ಬಾಟ್ ವಿಷಯ ಮೊದಲೇ ಗೊತ್ತಿತ್ತು’ ಎಂಬ ಅರ್ಥ ಬರುತ್ತದೆ. ಯಾರವು ಎಂಬುದು ತಿಳಿಯದು ಎಂಬ ಒಂದು ಸಾಲು ಸತ್ಯವೂ ಹೌದು, ಸಾಕಾದಷ್ಟೂ ಹೌದು.

ಉತ್ತರ ಬರುವವರೆಗಿನ ದಿನಗಳಲ್ಲಿ ಸುಮ್ಮನಿರುವುದು ಪತ್ರ ಬರೆಯುವುದಕ್ಕಿಂತ ಕಷ್ಟ. ಬೇರೆ ವಿಳಾಸದಿಂದ ಬಂದಂತೆ ತೋರಿಸುವ ವಿಪಿಎನ್ ಹಾಕಿ ಹೊಸ ಖಾತೆ ತೆರೆಯೋಣ ಎಂಬ ಸಲಹೆಯನ್ನು ಪಿ.ಜಿ.ಯ ಗೆಳೆಯರೆಲ್ಲ ಕೊಟ್ಟರು. ಅದು ಎರಡು ರೀತಿಯಲ್ಲಿ ಹಾಳು. ಹೊಸ ಖಾತೆ ಅದೇ ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುತ್ತದೆ, ಆಗ ನಿಷೇಧವನ್ನು ತಪ್ಪಿಸಿಕೊಳ್ಳಲು ಮಾಡಿದ ಪ್ರಯತ್ನವೆಂದು ಮೂಲ ಮೇಲ್ಮನವಿಯೇ ಬಿದ್ದುಹೋಗುತ್ತದೆ. ವಿಪಿಎನ್‌ನ ವಿಳಾಸಗಳಂತೂ ಪಿ.ಜಿ.ಯ ವಿಳಾಸಕ್ಕಿಂತ ಹೆಚ್ಚು ಮಂದಿ ಹಂಚಿಕೊಳ್ಳುವಂಥವು, ಬಾಟ್ ನಡೆಸುವವರಿಗೆ ಅತಿ ಪ್ರಿಯವಾದವು. ಇನ್ನೊಬ್ಬ ಗೆಳೆಯ, ಬ್ಯಾಂಕಿಗೆ ಹೇಳಿ ಹಳೆಯ ಪಾವತಿಗಳನ್ನು ಹಿಂದಕ್ಕೆ ಪಡೆಯಲು ಹೇಳಿದ. ಪಾವತಿಯ ಮೇಲೆ ತಕರಾರು ಹೂಡಿದರೆ ಅದನ್ನೇ ಪ್ರತ್ಯೇಕ ಕಾರಣವಾಗಿಟ್ಟು ಖಾತೆಯನ್ನು ಮುಚ್ಚುವುದು ಈ ಉದ್ಯಮದಲ್ಲಿ ಸಾಮಾನ್ಯ. ಒಂದು ಟಿಕೆಟ್ ತೆರೆದಿರುವಾಗ ದಿನಕ್ಕೊಂದು ಹೊಸ ಟಿಕೆಟ್ ಕಳಿಸುವುದೂ ಒಳ್ಳೆಯದಲ್ಲ. ಅನೇಕ ವ್ಯವಸ್ಥೆಗಳಲ್ಲಿ ಹೊಸದು ಹಳೆಯದರೊಂದಿಗೆ ಬೆಸೆದುಕೊಂಡು ಸರದಿಯ ಕೊನೆಗೆ ಹೋಗುತ್ತದೆ.

ಕಾನೂನಿನ ದಾರಿ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಕಿರಿದು. ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಮಧ್ಯವರ್ತಿ ಸಂಸ್ಥೆಯ, ಎಂದರೆ ಬೇರೆಯವರ ಮಾಹಿತಿಯನ್ನು ಇರಿಸುವ ಅಥವಾ ಸಾಗಿಸುವ ಸಂಸ್ಥೆಯ, ದೂರು ಅಧಿಕಾರಿಯು ದೂರನ್ನು 24 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ ನಿಗದಿತ ದಿನಗಳೊಳಗೆ ಇತ್ಯರ್ಥ ಮಾಡಬೇಕು; 2022ರ ತಿದ್ದುಪಡಿಯ ಅನಂತರ, ಆ ನಿರ್ಧಾರ ಒಪ್ಪಿಗೆಯಾಗದವರು 30 ದಿನಗಳೊಳಗೆ ಕೇಂದ್ರ ಸರ್ಕಾರ ರಚಿಸಿದ ಮೇಲ್ಮನವಿ ಸಮಿತಿಗೆ ಹೋಗಬಹುದು. ಆದರೆ ಈ ನಿಯಮಗಳು ಮಧ್ಯವರ್ತಿಗಳಿಗೆ ಅನ್ವಯಿಸುವಂಥವು. ತಾನು ತನ್ನದೇ ಆಟವನ್ನು ಒದಗಿಸುವ ಪ್ರಕಾಶಕ, ಮಧ್ಯವರ್ತಿಯಲ್ಲ ಎಂದು ಆಟದ ಕಂಪನಿ ವಾದಿಸಬಹುದು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದಕ್ಕೂ ಅಡ್ಡಿಯಿಲ್ಲ. ನನ್ನ ಅಭಿಪ್ರಾಯದಲ್ಲಿ ಇವೆಲ್ಲ ಎರಡನೆಯ ಪತ್ರಕ್ಕೆ ಉತ್ತರವೇ ಬಾರದಿದ್ದಾಗ ತೆಗೆದುಕೊಳ್ಳಬೇಕಾದ ಹೆಜ್ಜೆಗಳು. ಮೊದಲ ಪತ್ರದ ಕೊನೆಯ ಸಾಲಿನಲ್ಲಿ ಬೆದರಿಕೆಯಾಗಿ ಬರೆಯಬೇಕಾದವಲ್ಲ.

ಜುಲೈ 30ರಂದು ಉತ್ತರ ಬಂತು. ವಿನಿಮಯದ ದಾಖಲೆಯನ್ನು ಪರಿಶೀಲಿಸಿದ್ದೇವೆ, ಗುರುತಿಸಲಾದ ಖಾತೆಗಳೊಂದಿಗೆ ವ್ಯವಹಾರ ಕಂಡುಬಂದಿಲ್ಲ, ನಿಷೇಧವನ್ನು ತೆಗೆದಿದ್ದೇವೆ ಎಂದು ಮೂರು ಸಾಲು. ಮೂರು ದಾಖಲೆಗಳಲ್ಲಿ ಅವರಿಗೆ ಕೆಲಸಕ್ಕೆ ಬಂದದ್ದು ಎರಡನೆಯದು ಎಂಬುದು ಇದರಿಂದ ತಿಳಿಯಿತು. ಆ ಹನ್ನೆರಡು ದಿನಗಳಲ್ಲಿ ನಡೆದುಹೋದ ಸ್ಪರ್ಧೆಯ ಅಂಕಗಳನ್ನು ಹಿಂದಿರುಗಿಸಲಾಗದು ಎಂದೂ ಇತ್ತು. ತಪ್ಪು ತಮ್ಮದು ಎಂಬ ಮಾತು ಎಲ್ಲಿಯೂ ಇರಲಿಲ್ಲ. ರೂಮ್‌ಮೇಟ್ ತನ್ನ ಪತ್ರವನ್ನು ಆಮೇಲೆ ಕಳಿಸಿದ. ಅದರಲ್ಲಿ ಅದೇ ಎರಡು ದಿನಾಂಕಗಳನ್ನು ಅವನ ಕಡೆಯಿಂದ ಬರೆಸಿದೆವು. ಇವನ ಪತ್ರದ ನಕಲು ಮಾಡಿ ಹೆಸರು ಬದಲಿಸಲು ಅವನು ಹೊರಟಿದ್ದ, ನಾನು ಬಿಡಲಿಲ್ಲ. ಒಂದೇ ಮಾತಿನ ಎರಡು ಪತ್ರಗಳು ಒಂದೇ ವಿಳಾಸದಿಂದ ಹೋದರೆ ಅದೂ ಒಂದು ನಂಟಾಗುತ್ತದೆ. ಅವನ ಖಾತೆ ಆಗಸ್ಟ್ ಮೊದಲ ವಾರದಲ್ಲಿ ಮರಳಿತು.

ಹಂಚಿಕೆಯ ವಿಳಾಸ ಮಾತ್ರ ಹಾಗೆಯೇ ಇತ್ತು. ಆಪರೇಟರಿಗೆ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಟ್ಟು ಕಟ್ಟಡಕ್ಕೊಂದು ಸ್ಥಿರ ಐಪಿ ವಿಳಾಸ ಹಾಕಿಸಿಕೊಳ್ಳಿ ಎಂದು ಪಿ.ಜಿ.ಯ ಮಾಲಕರಿಗೆ ಹೇಳಿದೆ. ‘ಎಂತ ಮಾರಾಯ್ರೆ, ನಾನು ಇಂಟರ್ನೆಟ್ ಕೊಟ್ಟದ್ದು ಮಕ್ಕಳಿಗೆ ಓದಲಿಕ್ಕೆ, ಚಿನ್ನ ಮಾಡಲಿಕ್ಕಾ?’ ಎಂದು ಮೊದಲು ರೇಗಿದರು, ಆಮೇಲೆ ಒಪ್ಪಿದರು. ಸ್ಥಿರ ವಿಳಾಸದಿಂದ ಬೇರೆ ಬೀದಿಯವರ ಪಾಪ ಈ ಕಟ್ಟಡಕ್ಕೆ ಅಂಟುವುದು ನಿಲ್ಲುತ್ತದೆ. ಕಟ್ಟಡದೊಳಗಿನ ಮೂವತ್ತೆಂಟು ಮಂದಿ ಒಬ್ಬರಿಗೊಬ್ಬರು ಹೊಣೆಯಾಗುವುದು ನಿಲ್ಲುವುದಿಲ್ಲ. ಮುಂದಿನ ಬಾರಿ ಹೋದಾಗ ಮೆಟ್ಟಿಲ ಬಳಿಯ ನಿಯಮಗಳ ಹಾಳೆಯಲ್ಲಿ, ರಾತ್ರಿ ಹತ್ತಕ್ಕೆ ಗೇಟು ಹಾಕಲಾಗುವುದು ಎಂಬ ಸಾಲಿಗೂ ಒದ್ದೆ ಬಟ್ಟೆಯನ್ನು ಮೆಟ್ಟಿಲ ಕಂಬಿಯ ಮೇಲೆ ಒಣಗಿಸಬಾರದು ಎಂಬ ಸಾಲಿಗೂ ನಡುವೆ, ಕಂಪ್ಯೂಟರನ್ನು ರಾತ್ರಿಯಿಡೀ ಆನ್ ಇಡಬಾರದು ಎಂದು ನೀಲಿ ಪೆನ್ನಿನಲ್ಲಿ ಸೇರಿಸಲಾಗಿತ್ತು. ಎರಡನೆಯ ಮಹಡಿಯ ಆ ಉಪಕರಣ ಅಂದೂ ಆನ್ ಇತ್ತು.